ಡಿ ಭಾಗಕ್ಕೆ ಫಿಲ್ಟರ್ ಏಕೆ ಬೇಕು: ಕಬ್ಬಿನ ರಸದ ಬಿಸಿಯ ಲೆಕ್ಕ

ಪಿಐಡಿ ನಿಯಂತ್ರಕದ ಮೂರು ಭಾಗಗಳಲ್ಲಿ ಪಿ ಭಾಗ ಈ ಗಳಿಗೆಯ ವ್ಯತ್ಯಾಸವನ್ನು ನೋಡುತ್ತದೆ. ಐ ಭಾಗ ಇಲ್ಲಿಯತನಕ ಕೂಡಿಬಿದ್ದ ವ್ಯತ್ಯಾಸವನ್ನು ಲೆಕ್ಕ ಇಡುತ್ತದೆ. ಡಿ ಭಾಗ, ಎಂದರೆ ಡೆರಿವೇಟಿವ್ ಭಾಗ, ಅಳತೆ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದನ್ನು ಮಾತ್ರ ಗಮನಿಸುತ್ತದೆ. ಉಷ್ಣತೆ ಇನ್ನೂ ಗುರಿ ಮುಟ್ಟಿಲ್ಲ, ಆದರೆ ಬಿರುಸಾಗಿ ಏರುತ್ತಿದೆ ಎಂದಾದರೆ ಡಿ ಭಾಗ ಈಗಲೇ ಹಬೆಯ ವಾಲ್ವನ್ನು ಸ್ವಲ್ಪ ಮುಚ್ಚಲು ಹೇಳುತ್ತದೆ. ಪಠ್ಯಪುಸ್ತಕದಲ್ಲಿ ಇದರ ಸೂತ್ರ ಬಹಳ ಸರಳ: ಅಳತೆಯ ವೇಗವನ್ನು Kp ಮತ್ತು Td ಎಂಬ ಎರಡು ಸಂಖ್ಯೆಗಳಿಂದ ಗುಣಿಸಿದರೆ ಆಯಿತು. ಆ ಸೂತ್ರವನ್ನು ಇದ್ದ ಹಾಗೆಯೇ ಪಿಎಲ್‌ಸಿಯಲ್ಲಿ ಬರೆದರೆ ಮಾತ್ರ ವಾಲ್ವ್ ಹುಚ್ಚೆದ್ದು ಕುಣಿಯುತ್ತದೆ. ಕೆಲಸಕ್ಕೆ ಬರುವ ಪ್ರತಿಯೊಂದು ಡಿ ಭಾಗದ ಜೊತೆಗೂ ಒಂದು ಫಿಲ್ಟರ್ ಇರುವುದು ಇದೇ ಕಾರಣಕ್ಕೆ.

ಕವಲಂದೆಯ ಸುತ್ತಿನ ಕಬ್ಬಿನ ಸೀಮೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ. ಇಂಥ ಯಾವುದೇ ಕಾರ್ಖಾನೆಯಲ್ಲಿ ಕಬ್ಬು ಅರೆದ ಮೇಲೆ ರಸವನ್ನು ಕಾಯಿಸಬೇಕು, ಸುಣ್ಣ ಹಾಕಬೇಕು, ಮತ್ತೆ ಕಾಯಿಸಿ ಕ್ಲಾರಿಫೈಯರ್ ಎಂಬ ದೊಡ್ಡ ತೊಟ್ಟಿಗೆ ಬಿಟ್ಟು ಮಡ್ಡಿ ತಳಕ್ಕಿಳಿಯಲು ಸಮಯ ಕೊಡಬೇಕು. ಎರಡನೆಯ ಸಲ ಕಾಯಿಸುವಾಗ ರಸ 102ರಿಂದ 105 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಿಸಿ ಕುದಿಯುವ ಮಟ್ಟವನ್ನು ದಾಟಿರಬೇಕೆನ್ನಲು ಕಾರಣವಿದೆ. ರಸದೊಳಗೆ ಸಿಕ್ಕಿಕೊಂಡ ಗಾಳಿ ಒತ್ತಡ ಇಳಿದಾಗ ಒಮ್ಮೆಗೇ ಹಾರಿಹೋಗದಿದ್ದರೆ, ಆ ಗುಳ್ಳೆಗಳಿಗೆ ಅಂಟಿಕೊಂಡ ಸಣ್ಣ ಸಿಪ್ಪೆಯ ಚೂರುಗಳು ತಳಕ್ಕೆ ಇಳಿಯದೆ ತೇಲುತ್ತವೆ. ಹಾಗೆಂದು ಬಿಸಿ ಹೆಚ್ಚಿಸುತ್ತಾ ಹೋದರೆ ರಸದ ಬಣ್ಣ ಕಂದುತ್ತದೆ, ಸಕ್ಕರೆಯೂ ಸ್ವಲ್ಪ ಹಾಳಾಗುತ್ತದೆ. ಒಂದೆರಡು ಡಿಗ್ರಿಯ ಕಿಂಡಿಯಲ್ಲೇ ನಿಲ್ಲಬೇಕಾದ ಕೆಲಸ ಇದು. ಮುಂದೆ ಬರುವ ಅಂಕಿಗಳು ಯಾವುದೇ ಒಂದು ಕಾರ್ಖಾನೆಯ ದಾಖಲೆಯಿಂದ ತೆಗೆದವಲ್ಲ. ಇಂಥ ಹೀಟರ್‌ಗೆ ಒಪ್ಪುವ ಅಂಕಿಗಳನ್ನು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು.

ಈ ಹೀಟರ್‌ಗೆ ಡಿ ಭಾಗ ಬೇಕೇ ಎಂಬ ಪ್ರಶ್ನೆ ಮೊದಲು. ರಸದ ಬಿಸಿಯನ್ನು ಅಳೆಯುವುದು ಆರ್‌ಟಿಡಿ, ಎಂದರೆ ಪ್ಲಾಟಿನಂ ತಂತಿಯ ಸೆನ್ಸರ್. ಅದು ನೇರವಾಗಿ ರಸಕ್ಕೆ ಮುಳುಗಿರುವುದಿಲ್ಲ. ಪೈಪಿನೊಳಕ್ಕೆ ಚಾಚಿಕೊಂಡ ಸ್ಟೀಲಿನ ಕೊಳವೆಯೊಳಗೆ, ಅಂದರೆ ಥರ್ಮೋವೆಲ್‌ನಲ್ಲಿ ಕೂತಿರುತ್ತದೆ. ರಸದ ಬಿಸಿ ಬದಲಾದರೆ ಮೊದಲು ಸ್ಟೀಲು ಬಿಸಿಯಾಗಬೇಕು, ಆಮೇಲೆ ಸೆನ್ಸರ್‌ಗೆ ಗೊತ್ತಾಗಬೇಕು. ಈ ತಡ 20 ಸೆಕೆಂಡು ಎಂದಿಟ್ಟುಕೊಳ್ಳೋಣ. ರಸ ಒಮ್ಮೆಗೇ ಒಂದು ಡಿಗ್ರಿ ಏರಿದರೆ 20 ಸೆಕೆಂಡಿನ ಬಳಿಕವೂ ಸೆನ್ಸರ್ ತೋರಿಸುವುದು ಅದರಲ್ಲಿ ಸುಮಾರು ನೂರಕ್ಕೆ 63ರಷ್ಟನ್ನೇ. ಇಂಥ ತಡವನ್ನು ಗಣಿತದಲ್ಲಿ ಹಿಂದಕ್ಕೆ ತಿರುಗಿಸಬಹುದು: ಸೆನ್ಸರ್ ತೋರಿಸಿದ ಉಷ್ಣತೆಗೆ ಅದರ ವೇಗದ 20 ಪಟ್ಟನ್ನು ಸೇರಿಸಿದರೆ ರಸದ ನಿಜವಾದ ಉಷ್ಣತೆ ಸಿಗುತ್ತದೆ. ಪಿ ಭಾಗ ಮತ್ತು Td 20 ಸೆಕೆಂಡಿನ ಡಿ ಭಾಗ ಕೂಡಿ ಮಾಡುವುದು ಇದನ್ನೇ. ಆದ್ದರಿಂದ ಡಿ ಭಾಗವನ್ನು ಭವಿಷ್ಯ ಹೇಳುವ ಸಲಕರಣೆ ಎನ್ನುವುದಕ್ಕಿಂತ, ಥರ್ಮೋವೆಲ್ ನುಂಗಿದ ಸುದ್ದಿಯನ್ನು ವಾಪಸು ಕೊಡಿಸುವ ಸಲಕರಣೆ ಎನ್ನುವುದು ಇಲ್ಲಿ ಹೆಚ್ಚು ಸರಿ.

ಈಗ ಅಂಕಿಗಳು. Kp 4, ಎಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ವಾಲ್ವ್ ಶೇ 4ರಷ್ಟು ಅಲುಗಬೇಕು. Td 20 ಸೆಕೆಂಡು. ಎರಡರ ಗುಣಲಬ್ಧ 80, ಅಂದರೆ ಉಷ್ಣತೆ ಸೆಕೆಂಡಿಗೆ ಒಂದು ಡಿಗ್ರಿ ವೇಗದಲ್ಲಿ ಏರಿದರೆ ಡಿ ಭಾಗ ವಾಲ್ವನ್ನು ಶೇ 80ರಷ್ಟು ಮುಚ್ಚಲು ಹೇಳುತ್ತದೆ. ನಿಜವಾದ ರಸ ಅಷ್ಟು ವೇಗವಾಗಿ ಏರುವುದಿಲ್ಲ. ಸೆಕೆಂಡಿಗೆ 0.02 ಡಿಗ್ರಿ, ನಿಮಿಷಕ್ಕೆ 1.2 ಡಿಗ್ರಿ ಏರುತ್ತಿದೆ ಎಂದರೆ ಅದೇ ಗಮನ ಕೊಡಬೇಕಾದ ಏರಿಕೆ. ಆಗ ಡಿ ಭಾಗದ ಪಾಲು 80ರ 0.02 ಪಟ್ಟು, ಅಂದರೆ ಶೇ 1.6. ಹದವಾದ, ಒಪ್ಪುವ ತಿದ್ದುಪಡಿ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ.

ಆದರೆ ಪಿಎಲ್‌ಸಿಗೆ ಉಷ್ಣತೆ ನುಣುಪಾದ ಗೆರೆಯಾಗಿ ಬರುವುದಿಲ್ಲ. 0ರಿಂದ 200 ಡಿಗ್ರಿಯ ವ್ಯಾಪ್ತಿಯನ್ನು 12 ಬಿಟ್‌ನ ಇನ್‌ಪುಟ್ ಕಾರ್ಡ್ 4,096 ಮೆಟ್ಟಿಲುಗಳಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು ಸುಮಾರು 0.05 ಡಿಗ್ರಿ. ಪಿಎಲ್‌ಸಿ ಸೆಕೆಂಡಿಗೆ 10 ಸಲ, ಅಂದರೆ 0.1 ಸೆಕೆಂಡಿಗೊಮ್ಮೆ ಓದುತ್ತದೆ ಎನ್ನೋಣ. ಈ ಮಧ್ಯಂತರಕ್ಕೆ h ಎಂದು ಹೆಸರು. ರಸ ಸೆಕೆಂಡಿಗೆ 0.02 ಡಿಗ್ರಿಯಂತೆ ಏರುತ್ತಿರುವಾಗ ಪಿಎಲ್‌ಸಿಗೆ ಕಾಣುವುದು ಹೀಗೆ: ಎರಡೂವರೆ ಸೆಕೆಂಡು ಉಷ್ಣತೆ ಅಲುಗಾಡದೆ ನಿಂತಿದೆ, ಆಮೇಲೆ ಒಂದೇ ಓದಿನಲ್ಲಿ 0.05 ಡಿಗ್ರಿ ಜಿಗಿದಿದೆ, ಮತ್ತೆ ಎರಡೂವರೆ ಸೆಕೆಂಡು ನಿಂತಿದೆ. ಪಠ್ಯಪುಸ್ತಕದ ಸೂತ್ರ ಈ ಜಿಗಿತವನ್ನು ಕಂಡು ಲೆಕ್ಕ ಹಾಕುತ್ತದೆ: 0.1 ಸೆಕೆಂಡಿನಲ್ಲಿ 0.05 ಡಿಗ್ರಿ ಎಂದರೆ ಸೆಕೆಂಡಿಗೆ ಅರ್ಧ ಡಿಗ್ರಿ. ಅದರ 80 ಪಟ್ಟು ಶೇ 40. ವಾಲ್ವಿಗೆ ಹೋಗುವ ಆದೇಶ 0.1 ಸೆಕೆಂಡಿನ ಮಟ್ಟಿಗೆ ಶೇ 40ರಷ್ಟು ಕುಸಿದು, ಮರು ಓದಿನಲ್ಲಿ ಮತ್ತೆ ಮೇಲೆ ಬರುತ್ತದೆ.

ಇಲ್ಲಿ ಒಂದು ಸೋಜಿಗ ಅಡಗಿದೆ. ಎರಡೂವರೆ ಸೆಕೆಂಡಿನಲ್ಲಿ 25 ಓದುಗಳಿವೆ. ಅವುಗಳಲ್ಲಿ ಒಂದರಲ್ಲಿ ಶೇ 40, ಉಳಿದ 24ರಲ್ಲಿ ಸೊನ್ನೆ. ಸರಾಸರಿ ತೆಗೆದರೆ ಸರಿಯಾಗಿ ಶೇ 1.6. ಸೂತ್ರ ಸುಳ್ಳು ಹೇಳಿಲ್ಲ, ಒಟ್ಟು ಲೆಕ್ಕ ಸರಿಯಾಗಿಯೇ ಇದೆ. ಕೊಡಬೇಕಾದ್ದನ್ನು ಹದವಾಗಿ ಹಂಚಿ ಕೊಡುವ ಬದಲು ಸುತ್ತಿಗೆ ಏಟಿನಂತೆ ಕೊಟ್ಟಿದೆ, ಅಷ್ಟೇ. ಸರಾಸರಿ ಸರಿ ಇದ್ದ ಮೇಲೆ ತೊಂದರೆ ಏನು ಎಂದು ಕೇಳುವವರಿಗೆ ಎರಡು ಉತ್ತರ ಕೊಡಬಹುದು.

ಮೊದಲನೆಯದು, ವಾಲ್ವ್ ಗಣಿತದ ವಸ್ತುವಲ್ಲ. ಪೂರ್ತಿ ತೆರೆಯಲು 10 ಸೆಕೆಂಡು ತೆಗೆದುಕೊಳ್ಳುವ ವಾಲ್ವಿಗೆ 0.1 ಸೆಕೆಂಡಿನಲ್ಲಿ ಶೇ 1ರಷ್ಟು ಮಾತ್ರ ಸರಿಯಲು ಆಗುತ್ತದೆ. ಶೇ 40ರ ಏಟಿನಲ್ಲಿ ಅದಕ್ಕೆ ತಲುಪುವುದು ಶೇ 1. ಮರುಕ್ಷಣವೇ ಅದು ಹಿಂದಕ್ಕೂ ಬರುತ್ತದೆ. ಹೀಗಾಗಿ ಡಿ ಭಾಗ ಹೇಳಿದ ಸರಾಸರಿ ಶೇ 1.6ರಲ್ಲಿ ಹಬೆಗೆ ತಲುಪುವ ಪಾಲು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಕೆಲಸ ಆಗಲಿಲ್ಲ, ಆದರೆ ವಾಲ್ವಿನ ಕಾಂಡ ಪ್ರತಿ ಎರಡೂವರೆ ಸೆಕೆಂಡಿಗೊಮ್ಮೆ ಪ್ಯಾಕಿಂಗ್ ಒಳಗೆ ಉಜ್ಜಿತು. ಹಗಲು ರಾತ್ರಿ ನಡೆಯುವ ಅರೆಯುವ ಹಂಗಾಮಿನಲ್ಲಿ ಉಷ್ಣತೆ ಇದೇ ವೇಗದಲ್ಲಿ ಏರುತ್ತಾ ಇಳಿಯುತ್ತಾ ಇದ್ದರೆ ಇದು ದಿನಕ್ಕೆ 34,000ಕ್ಕೂ ಹೆಚ್ಚು ಸಲ.

ಎರಡನೆಯದು ಇನ್ನೂ ಸೂಕ್ಷ್ಮ. ವಾಲ್ವಿನ ಆದೇಶ ಸೊನ್ನೆಗಿಂತ ಕೆಳಗೆ ಹೋಗದು, ನೂರಕ್ಕಿಂತ ಮೇಲೆ ಹೋಗದು. ಉಷ್ಣತೆ ಎರಡು ಮೆಟ್ಟಿಲುಗಳ ಗಡಿಯಲ್ಲೇ ನಿಂತು, ಒಂದು ಓದಿನಲ್ಲಿ ಮೇಲಿನ ಮೆಟ್ಟಿಲು, ಮುಂದಿನ ಓದಿನಲ್ಲಿ ಕೆಳಗಿನ ಮೆಟ್ಟಿಲು ಎಂದು ಮಿನುಗುತ್ತಿದೆ ಎನ್ನೋಣ. ರಸದ ಬಿಸಿ ನಿಜಕ್ಕೂ ಬದಲಾಗಿಲ್ಲ. ಆದರೂ ಫಿಲ್ಟರ್ ಇಲ್ಲದ ಡಿ ಭಾಗ ಒಮ್ಮೆ ಶೇ 40 ಇಳಿಸು, ಒಮ್ಮೆ ಶೇ 40 ಏರಿಸು ಎನ್ನುತ್ತಿರುತ್ತದೆ. ವಾಲ್ವ್ ಶೇ 80ರಲ್ಲಿದ್ದರೆ ಇಳಿಕೆ ಪೂರ್ತಿ 40 ಸಿಗುತ್ತದೆ, ಏರಿಕೆ 100ಕ್ಕೆ ತಾಗಿ 20ರಲ್ಲೇ ನಿಲ್ಲುತ್ತದೆ. ಆಗ ಆದೇಶದ ಸರಾಸರಿ ಶೇ 80ರಿಂದ 70ಕ್ಕೆ ಸರಿಯುತ್ತದೆ. ಆದೇಶದ ಸರಾಸರಿಯನ್ನು ಹಿಂಬಾಲಿಸುವ ವಾಲ್ವಿನಲ್ಲಿ, ಏನೂ ಆಗದಿದ್ದಾಗ ಡಿ ಭಾಗ ಶೇ 10ರಷ್ಟು ಹಬೆ ಕದ್ದ ಹಾಗಾಯಿತು. ಐ ಭಾಗ ಇದನ್ನು ತುಂಬಿಕೊಡಲು ಹೊರಡುತ್ತದೆ. ಅಷ್ಟರಲ್ಲಿ ಮಿನುಗು ನಿಂತರೆ ಅದೇ ಶೇ 10 ಹೆಚ್ಚುವರಿಯಾಗಿ ಉಳಿದು ರಸ ಗುರಿ ದಾಟುತ್ತದೆ. ನೋಡುವವರಿಗೆ ಇದು ಟ್ಯೂನಿಂಗ್ ತಪ್ಪಿದಂತೆ ಕಾಣುತ್ತದೆ. ಕಾರಣ ಮಾತ್ರ ಅಳತೆಯ ಗದ್ದಲ.

ಮೆಟ್ಟಿಲಿನ ಜಿಗಿತ ಗದ್ದಲದ ಒಂದು ಬಗೆ ಮಾತ್ರ. ಮೋಟಾರಿನ ವಿಎಫ್‌ಡಿ ಡ್ರೈವ್ ಪಕ್ಕದಲ್ಲಿ ಹಾದುಹೋಗುವ ಸೆನ್ಸರ್ ಕೇಬಲ್, ಸಡಿಲವಾದ ಟರ್ಮಿನಲ್, ಎರಡು ಕಡೆ ಅರ್ಥ್ ಮಾಡಿದ ಶೀಲ್ಡ್, ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಇವುಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ: ಗಾತ್ರ ಕಡಿಮೆ, ವೇಗ ಹೆಚ್ಚು. ಡಿ ಭಾಗ ಗಾತ್ರವನ್ನು ನೋಡುವುದಿಲ್ಲ, ವೇಗವನ್ನು ನೋಡುತ್ತದೆ. 10 ನಿಮಿಷಕ್ಕೊಮ್ಮೆ ಒಂದು ಡಿಗ್ರಿ ಮೇಲೆ, ಒಂದು ಡಿಗ್ರಿ ಕೆಳಗೆ ಹೋಗಿ ಬರುವ ನಿಜವಾದ ಏರಿಳಿತದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ ಸುಮಾರು 0.01 ಡಿಗ್ರಿ. ಸೆಕೆಂಡಿಗೊಮ್ಮೆ ಕೇವಲ 0.01 ಡಿಗ್ರಿ ಮೇಲೆ ಕೆಳಗೆ ಅದುರುವ ಗದ್ದಲದ ವೇಗ ಸೆಕೆಂಡಿಗೆ 0.063 ಡಿಗ್ರಿ. ನೂರನೇ ಒಂದು ಪಾಲಿನ ಗದ್ದಲ ಡಿ ಭಾಗದ ಕಣ್ಣಿಗೆ ನಿಜವಾದ ಸುದ್ದಿಗಿಂತ ಆರು ಪಟ್ಟು ದೊಡ್ಡದು. ಪರದೆಯ ಮೇಲಿನ ಉಷ್ಣತೆಯ ಗೆರೆಯಲ್ಲಿ ಈ ಅದುರು ಕಾಣುವುದೂ ಇಲ್ಲ.

ಇದರಿಂದ ಹುಟ್ಟುವ ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಹಳೆಯ ಪಿಎಲ್‌ಸಿ ತೆಗೆದು ಹತ್ತು ಪಟ್ಟು ವೇಗದ್ದನ್ನು ತಂದರೆ ನಿಯಂತ್ರಣ ಸುಧಾರಿಸಬೇಕೆಂದು ಯಾರಿಗಾದರೂ ಅನಿಸುತ್ತದೆ. ಕಾರ್ಡ್ ಹಳೆಯದೇ ಉಳಿದು, ಓದುವ ಮಧ್ಯಂತರ 0.1 ಸೆಕೆಂಡಿನಿಂದ 0.01ಕ್ಕೆ ಇಳಿದರೆ ಅದೇ ಒಂದು ಮೆಟ್ಟಿಲ ಜಿಗಿತಕ್ಕೆ ಡಿ ಭಾಗದ ಏಟು ಶೇ 40ರಿಂದ 400ಕ್ಕೆ ಏರುತ್ತದೆ. ಫಿಲ್ಟರ್ ಇಲ್ಲದ ಸೂತ್ರದಲ್ಲಿ ವೇಗದ ಯಂತ್ರ ಹೆಚ್ಚು ಹಾನಿ ಮಾಡುತ್ತದೆ.

ಹಾಗಾದರೆ ಯಾವ ಬದಲಾವಣೆ ರಸದ್ದು, ಯಾವುದು ಗದ್ದಲದ್ದು ಎಂದು ತಿಳಿಯುವುದು ಹೇಗೆ? ಥರ್ಮೋವೆಲ್‌ನ ತಡವೇ ಇದಕ್ಕೆ ಉತ್ತರ ಕೊಡುತ್ತದೆ. ರಸ ಒಮ್ಮೆಗೇ ಒಂದು ಪೂರ್ತಿ ಡಿಗ್ರಿ ಜಿಗಿದರೂ, 20 ಸೆಕೆಂಡಿನ ತಡವಿರುವ ಸೆನ್ಸರ್ ಸೆಕೆಂಡಿಗೆ 0.05 ಡಿಗ್ರಿಗಿಂತ ವೇಗವಾಗಿ ಏರಲಾರದು. ಅಂದರೆ ಒಂದು ಓದಿನಿಂದ ಮುಂದಿನ ಓದಿಗೆ 0.005 ಡಿಗ್ರಿ, ಒಂದು ಮೆಟ್ಟಿಲಿನ ಹತ್ತನೇ ಒಂದು ಪಾಲು. ಆದ್ದರಿಂದ 0.1 ಸೆಕೆಂಡಿನಲ್ಲಿ ಕಂಡ 0.05 ಡಿಗ್ರಿಯ ಜಿಗಿತವನ್ನು ರಸ ಆ ಹೊತ್ತಿನಲ್ಲಿ ಮಾಡಿರಲು ಸಾಧ್ಯವೇ ಇಲ್ಲ. ಸ್ಟೀಲಿನ ಗೋಡೆ ದಾಟಿ ಬರುವ ಸುದ್ದಿಗೆ ಅಷ್ಟು ವೇಗವಿಲ್ಲ. ಒಂದೆರಡು ಸೆಕೆಂಡಿಗಿಂತ ಬೇಗನೆ ನಡೆಯುವುದನ್ನೆಲ್ಲ ಡಿ ಭಾಗ ಕಡೆಗಣಿಸಿದರೆ ರಸದ ಬಗ್ಗೆ ತಿಳಿಯಬೇಕಾದ್ದು ಬಹುಮಟ್ಟಿಗೆ ಯಾವುದೂ ಕಳೆದುಹೋಗುವುದಿಲ್ಲ. ಫಿಲ್ಟರ್‌ಗೆ ಇರುವ ಸಮರ್ಥನೆ ಇದು. ಗದ್ದಲವನ್ನು ಹೇಗೋ ಮುಚ್ಚಿಹಾಕುವ ಉಪಾಯ ಎಂದು ಅದನ್ನು ಕೀಳಾಗಿ ನೋಡಬೇಕಿಲ್ಲ.

ರೂಢಿಯ ಫಿಲ್ಟರ್‌ಗೆ ಒಂದೇ ಒಂದು ಕಾಲಮಾನ, Tf. ಅದನ್ನು Td ಭಾಗಿಸು N ಎಂದು ಇಡುತ್ತಾರೆ. N ಸಾಮಾನ್ಯವಾಗಿ 5ರಿಂದ 20ರ ನಡುವೆ ಇರುತ್ತದೆ. Td 20 ಸೆಕೆಂಡು, N 10 ಎಂದಾದರೆ Tf 2 ಸೆಕೆಂಡು. ಪಿಎಲ್‌ಸಿಯಲ್ಲಿ ಬರೆಯಲು ನಾಲ್ಕು ಸಾಲು ಸಾಕು:

```
a = Tf / (Tf + h)
b = Kp * Td / (Tf + h)
D = a * D - b * (y - y_old)
y_old = y
```

y ಎಂದರೆ ಈಗಿನ ಉಷ್ಣತೆ, y_old ಹಿಂದಿನ ಓದು. ಪ್ರತಿ ಸಲ ಹಳೆಯ D ಸ್ವಲ್ಪ ಕರಗುತ್ತದೆ, ಹೊಸ ಬದಲಾವಣೆ ಅದಕ್ಕೆ ಸೇರುತ್ತದೆ. ಸೂತ್ರದಲ್ಲಿ ಗುರಿಯ ಉಷ್ಣತೆಯನ್ನು ಬೇಕೆಂದೇ ಬಿಟ್ಟಿದೆ. ವ್ಯತ್ಯಾಸದ ವೇಗವನ್ನು ಲೆಕ್ಕ ಹಾಕಿದರೆ ಆಪರೇಟರ್ ಗುರಿಯನ್ನು 103ರಿಂದ 104ಕ್ಕೆ ಬದಲಿಸಿದ ಕ್ಷಣ ಡಿ ಭಾಗ ಒದೆಯುತ್ತದೆ. ಅಳತೆಯ ವೇಗವನ್ನು ಮಾತ್ರ ನೋಡಿದರೆ ಆ ತಾಪತ್ರಯವಿಲ್ಲ.

ನಮ್ಮ ಅಂಕಿಗಳಲ್ಲಿ a 0.952, b 38.1. ಒಂದು ಮೆಟ್ಟಿಲ ಜಿಗಿತಕ್ಕೆ ಡಿ ಭಾಗದ ಏಟು ಶೇ 40 ಇದ್ದದ್ದು ಈಗ ಶೇ 1.9. ಅದು ಮರುಕ್ಷಣ ಮಾಯವಾಗದೆ ಎರಡು ಸೆಕೆಂಡಿನ ಅಂದಾಜಿನಲ್ಲಿ ಕರಗುತ್ತದೆ, ಪೂರ್ತಿ ಕರಗುವ ಮೊದಲೇ ಮುಂದಿನ ಮೆಟ್ಟಿಲು ಬರುತ್ತದೆ. ಸೆಕೆಂಡಿಗೆ 0.02 ಡಿಗ್ರಿಯ ಏರಿಕೆ ಮುಂದುವರಿದರೆ ಡಿ ಭಾಗ ಶೇ 0.8 ಮತ್ತು 2.7ರ ನಡುವೆ ಮೆಲ್ಲಗೆ ಏರಿಳಿಯುತ್ತಾ ಇರುತ್ತದೆ. ಅದರ ಸರಾಸರಿ ಮೊದಲಿನಂತೆಯೇ ಶೇ 1.6. ಒಟ್ಟು ಮೊತ್ತದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ವಾಲ್ವ್ ಅನುಸರಿಸಬಲ್ಲ ರೂಪಕ್ಕೆ ಬಂದಿದೆ. ಗಡಿಯಲ್ಲಿ ಮಿನುಗುವ ಉಷ್ಣತೆಗೆ ಮೊದಲು 40 ಮೇಲೆ, 40 ಕೆಳಗೆ ಇದ್ದದ್ದು ಈಗ ಶೇ 1 ಮೇಲೆ, 1 ಕೆಳಗೆ. ಆದೇಶ 100ಕ್ಕೆ ತಾಗುವುದಿಲ್ಲ, ಹಬೆ ಕಳುವಾಗುವುದಿಲ್ಲ.

ಪಿಎಲ್‌ಸಿ ಹತ್ತು ಪಟ್ಟು ವೇಗದ್ದಾದರೂ ಈಗ ಹೆದರಬೇಕಿಲ್ಲ. h ಎಷ್ಟೇ ಸಣ್ಣದಾಗಲಿ, ಒಂದು ಜಿಗಿತಕ್ಕೆ ಡಿ ಭಾಗದ ಏಟು Kp ಗುಣಿಸು N, ಅಂದರೆ ಡಿಗ್ರಿಗೆ ಶೇ 40 ದಾಟುವುದಿಲ್ಲ. 0.05 ಡಿಗ್ರಿಗೆ ಅದು ಶೇ 2. ಏಟಿನ ಗರಿಷ್ಠ ಮಿತಿಯನ್ನು ಪಿಎಲ್‌ಸಿಯ ವೇಗದ ಕೈಯಿಂದ ಕಿತ್ತು ಎಂಜಿನಿಯರ್ ಕೈಗೆ ಕೊಡುವುದು ಫಿಲ್ಟರ್ ಮಾಡುವ ದೊಡ್ಡ ಉಪಕಾರ.

ಇದಕ್ಕೆ ಬೆಲೆ ತೆರಬೇಕು. ಫಿಲ್ಟರ್ ಎಂದರೆ ತಡ, ಡಿ ಭಾಗ ಇರುವುದೇ ತಡ ನೀಗಲು. ಎರಡು ನಿಮಿಷಕ್ಕೊಮ್ಮೆ ತೂಗುವ ಏರಿಳಿತವನ್ನು ತೆಗೆದುಕೊಂಡರೆ, ಫಿಲ್ಟರ್ ಇಲ್ಲದ ಪಿ ಮತ್ತು ಡಿ ಕೂಡಿ ವಾಲ್ವನ್ನು ಸುಮಾರು 15 ಸೆಕೆಂಡು ಮುಂಚಿತವಾಗಿ ಚಲಿಸುವಂತೆ ಮಾಡುತ್ತವೆ. N 10 ಇದ್ದಾಗ ಆ ಮುಂಗಡ ಸುಮಾರು 14 ಸೆಕೆಂಡು. ಒಂದು ಸೆಕೆಂಡು ಕಳೆದುಕೊಂಡು ಏಟನ್ನು ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದ ಈ ವ್ಯಾಪಾರ ಲಾಭದ್ದೇ. ಗದ್ದಲದ ಭಯದಿಂದ N ಅನ್ನು 2ಕ್ಕೆ ಇಳಿಸಿದರೆ ಮುಂಗಡ ಸುಮಾರು 10 ಸೆಕೆಂಡಿಗೆ, 1ಕ್ಕೆ ಇಳಿಸಿದರೆ 6 ಸೆಕೆಂಡಿಗೆ ಬರುತ್ತದೆ. ಅಲ್ಲಿಗೆ ಬಂದ ಮೇಲೆ ಡಿ ಭಾಗವನ್ನು ಇಟ್ಟುಕೊಂಡು ಸಾಧಿಸುವುದು ಬಹಳವಿಲ್ಲ. ಅಷ್ಟು ಭಾರದ ಫಿಲ್ಟರ್ ಬೇಕಾದ ಕಡೆ ಗದ್ದಲದ ಮೂಲವನ್ನು ಹುಡುಕುವುದೇ ಸರಿ. 12 ಬಿಟ್ ಕಾರ್ಡಿನ ಬದಲು 16 ಬಿಟ್‌ನದ್ದನ್ನು ಹಾಕಿದರೆ ಮೆಟ್ಟಿಲು 0.05ರಿಂದ 0.003 ಡಿಗ್ರಿಗೆ ಇಳಿಯುತ್ತದೆ. ಯಾವ ಫಿಲ್ಟರೂ ತಡವಿಲ್ಲದೆ ಅಷ್ಟು ಕೊಡಲಾರದು.

N ಎಂಬ ಅಕ್ಷರದಲ್ಲೇ ಒಂದು ಬಲೆ ಇದೆ. ಸಿಮ್ಯುಲಿಂಕ್‌ನ ಪಿಐಡಿ ಬ್ಲಾಕ್‌ನಲ್ಲೂ N ಇದೆ, ಅದರ ಮೊದಲೇ ತುಂಬಿದ ಬೆಲೆ 100. ಅಲ್ಲಿ N ಎಂದರೆ Td ಅನ್ನು ಭಾಗಿಸುವ ಸಂಖ್ಯೆಯಲ್ಲ, 1 ಭಾಗಿಸು Tf. ಹಾಗಾಗಿ 100 ಎಂದರೆ Tf 0.01 ಸೆಕೆಂಡು. ನಮ್ಮ ಹೀಟರ್‌ಗೆ ಅದು ಫಿಲ್ಟರ್ ಇಲ್ಲದ್ದಕ್ಕೆ ಸಮ. ಕಂಪ್ಯೂಟರಿನ ಮಾದರಿಯಲ್ಲಿ ಗದ್ದಲವಿರುವುದಿಲ್ಲವಾದ್ದರಿಂದ ಅಲ್ಲಿ ಚೆಂದವಾಗಿ ಕಂಡ ಟ್ಯೂನಿಂಗ್ ಕಾರ್ಖಾನೆಯಲ್ಲಿ ವಾಲ್ವ್ ಕುಣಿಸುತ್ತದೆ. ನಿಯಂತ್ರಕ ಯಾವ ಕಂಪನಿಯದ್ದೇ ಆಗಿರಲಿ, ಅದರ ಕೈಪಿಡಿಯಲ್ಲಿ ಫಿಲ್ಟರ್ ಅಂಕಿಯನ್ನು ಯಾವ ಅರ್ಥದಲ್ಲಿ ಕೊಟ್ಟಿದ್ದಾರೆ ಎಂದು ಓದದೆ ತುಂಬಬಾರದು.

ಹಳೆಯ ನಿಯಂತ್ರಕಗಳಿಗೆ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಜೆ.ಜಿ. ಝೀಗ್ಲರ್ ಮತ್ತು ಎನ್.ಬಿ. ನಿಕೋಲ್ಸ್ 1942ರಲ್ಲಿ ತಮ್ಮ ಪ್ರಸಿದ್ಧ ಟ್ಯೂನಿಂಗ್ ನಿಯಮಗಳನ್ನು ಪ್ರಕಟಿಸಿದಾಗ ಇಬ್ಬರೂ ಅಮೆರಿಕದ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯಲ್ಲಿದ್ದರು. ಅಲ್ಲಿನ ನಿಯಂತ್ರಕಗಳು ಗಾಳಿಯ ಒತ್ತಡದಿಂದ ನಡೆಯುತ್ತಿದ್ದವು. ಡಿ ಭಾಗ ಎಂದರೆ ಕಿರಿದಾದ ರಂಧ್ರ, ಬೆಲ್ಲೋಸ್ ಮತ್ತು ಗಾಳಿ ತುಂಬುವ ಪುಟ್ಟ ಡಬ್ಬಿ. ಗಾಳಿ ರಂಧ್ರದಲ್ಲಿ ನುಸುಳಿ ಬರಲು ಹೊತ್ತು ಬೇಕು, ಆದ್ದರಿಂದ ಆ ಯಂತ್ರದ ಡಿ ಏಟಿಗೆ ತನ್ನಷ್ಟಕ್ಕೇ ಮಿತಿ ಇರುತ್ತಿತ್ತು. ಯಾರೂ ಕೇಳದೆ ಸಿಕ್ಕ ಫಿಲ್ಟರ್ ಅದು. ಪಿಎಲ್‌ಸಿ ಬಂದು ಸೂತ್ರ ಸಾಲುಗಳಾದಾಗ ಕಳೆದುಹೋದದ್ದು ಇದೇ. ಅದನ್ನು ಕೈಯಾರೆ ಮತ್ತೆ ಬರೆಯಬೇಕಾಯಿತು.

ಸಾಫ್ಟ್‌ವೇರಿನ ಫಿಲ್ಟರ್ ತಡೆಯಲಾರದ ಗದ್ದಲವೂ ಒಂದಿದೆ. ಕರೆಂಟಿನ 50 ಹರ್ಟ್ಜ್ ಅದುರು ಸೆನ್ಸರ್ ಕೇಬಲ್ಲಿಗೆ ತಗುಲಿದರೆ, ಸೆಕೆಂಡಿಗೆ 10 ಸಲ ಮಾತ್ರ ಓದುವ ಪಿಎಲ್‌ಸಿಗೆ ಅದು 50 ಹರ್ಟ್ಜ್ ಆಗಿ ಕಾಣುವುದಿಲ್ಲ. ಸರಿಯಾಗಿ 50 ಇದ್ದಾಗ ಪ್ರತಿ ಓದೂ ಅಲೆಯ ಒಂದೇ ಜಾಗಕ್ಕೆ ಬೀಳುವುದರಿಂದ ಏನೂ ಕಾಣದು. ಆದರೆ ಗ್ರಿಡ್ 50ರಲ್ಲೇ ನಿಲ್ಲುವುದಿಲ್ಲ. 49.9ಕ್ಕೆ ಇಳಿದ ಹೊತ್ತಿನಲ್ಲಿ ಅದೇ ಅದುರು ಪಿಎಲ್‌ಸಿಯ ಲೆಕ್ಕದಲ್ಲಿ 10 ಸೆಕೆಂಡಿಗೊಮ್ಮೆ ತೂಗುವ ಮೆಲ್ಲನೆಯ ಅಲೆಯಾಗಿ ವೇಷ ಹಾಕಿಕೊಂಡು ಬರುತ್ತದೆ. Tf 2 ಸೆಕೆಂಡಿನ ಫಿಲ್ಟರ್ ಅದನ್ನು ನೂರಕ್ಕೆ 62ರಷ್ಟು ಒಳಬಿಡುತ್ತದೆ. ರಸದ ಉಷ್ಣತೆ ಸಂಜೆ ಲೋಡ್ ಏರಿದಾಗ ತೂಗಿ, ರಾತ್ರಿ ಸರಿಹೋಗುತ್ತದೆ ಎಂಬ ದೂರಿನ ಹಿಂದೆ ಇಂಥದ್ದೇನಾದರೂ ಇರಬಹುದು. ಇದನ್ನು ಓದುವ ಮೊದಲೇ ತಡೆಯಬೇಕು: ಇನ್‌ಪುಟ್ ಕಾರ್ಡಿನಲ್ಲಿ 50 ಹರ್ಟ್ಜ್ ತಡೆಯುವ ಆಯ್ಕೆ ಇದ್ದರೆ ಅದನ್ನು ಹಾಕಬೇಕು, ಆಯ್ಕೆ 60ಕ್ಕೆ ಇದ್ದರೆ ಬದಲಿಸಬೇಕು, ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಬೇಕು, ಡ್ರೈವ್‌ನ ಕೇಬಲ್ಲಿನಿಂದ ಸೆನ್ಸರ್ ಕೇಬಲ್ಲನ್ನು ದೂರ ಸರಿಸಬೇಕು.

ಇನ್ನೊಂದು ಮರೆಯಲ್ಲಿರುವ ಫಿಲ್ಟರ್ ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್. ಪರದೆಯ ಮೇಲಿನ ಅಂಕಿ ಕುಣಿಯುತ್ತಿದೆ ಎಂದು ಯಾವತ್ತೋ ಯಾರೋ ಅದನ್ನು 10 ಸೆಕೆಂಡಿಗೆ ಏರಿಸಿ ಹೋಗಿರುತ್ತಾರೆ. ಅದು ಡಿ ಭಾಗಕ್ಕೆ ಮಾತ್ರವಲ್ಲ, ಪಿ ಮತ್ತು ಐ ಭಾಗಗಳಿಗೂ ತಡ ಸೇರಿಸುತ್ತದೆ. 20 ಸೆಕೆಂಡಿನ ಥರ್ಮೋವೆಲ್ ತಡವನ್ನು ನೀಗಲು Td ಇಟ್ಟು, ಅದರ ಮೇಲೆ 10 ಸೆಕೆಂಡಿನ ಹೊಸ ತಡ ಹೇರಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಮೊದಲು ಡ್ಯಾಂಪಿಂಗ್ ಎಷ್ಟಿದೆ ನೋಡಿ, ಆಮೇಲೆ Tf ಗೊತ್ತುಮಾಡಬೇಕು.

ಗೊತ್ತುಮಾಡುವ ಕ್ರಮ ಕಷ್ಟದ್ದಲ್ಲ. ರಸದ ಹರಿವು ಸ್ಥಿರವಾಗಿರುವ ಹೊತ್ತು ನೋಡಿ ನಿಯಂತ್ರಕವನ್ನು ಮ್ಯಾನುವಲ್‌ಗೆ ಹಾಕಿ, ವಾಲ್ವನ್ನು ಒಂದೇ ಕಡೆ ನಿಲ್ಲಿಸಿ, ಐದು ನಿಮಿಷ ಉಷ್ಣತೆಯನ್ನು ಪಿಎಲ್‌ಸಿ ಓದುವ ವೇಗದಲ್ಲೇ ದಾಖಲಿಸಬೇಕು. ನಿಮಿಷಕ್ಕೊಂದು ಅಂಕಿ ಇಡುವ ಟ್ರೆಂಡ್ ಇದಕ್ಕೆ ಆಗದು, ಗದ್ದಲವೆಲ್ಲ ಅದರ ಸಂದಿಯಲ್ಲಿ ಸೋರಿಹೋಗುತ್ತದೆ. ವಾಲ್ವ್ ನಿಂತಿದ್ದರೂ ಉಷ್ಣತೆ ಅದುರುತ್ತಿದ್ದರೆ ಅದು ಅಳತೆಯ ಗದ್ದಲ. ವಾಲ್ವ್ ನಿಂತ ಕೂಡಲೇ ಅದುರು ನಿಂತರೆ ತಪ್ಪು ಟ್ಯೂನಿಂಗ್‌ನದ್ದು. ಗದ್ದಲದ ತುದಿಯಿಂದ ತುದಿಗೆ 0.1 ಡಿಗ್ರಿ ಸಿಕ್ಕಿತು ಎನ್ನೋಣ. ಪಿ ಮತ್ತು ಡಿ ಎರಡೂ ಕೂಡಿ ಅದನ್ನು ಹೆಚ್ಚೆಂದರೆ Kp ಗುಣಿಸು (1 + N) ಪಟ್ಟು ಹಿಗ್ಗಿಸುತ್ತವೆ. N 10ಕ್ಕೆ ಇದು 44, ಅಂದರೆ ವಾಲ್ವಿನ ಆದೇಶ ಅತಿ ಕೆಟ್ಟ ಹೊತ್ತಿನಲ್ಲಿ ಶೇ 4.4ರಷ್ಟು ಅಲುಗುತ್ತದೆ. N 5 ಮಾಡಿದರೆ ಶೇ 2.4. ಇದು ಒಪ್ಪಿಗೆಯಾಗದಿದ್ದರೆ N ಅನ್ನು ಇನ್ನೂ ಹಿಂಡುವ ಬದಲು, ಅಳತೆಗೇ ಎರಡನೇ ದರ್ಜೆಯ ಫಿಲ್ಟರ್ ಹಾಕುವುದು ಮೇಲು ಎಂದು ಕಾರ್ಲ್ ಯೋಹಾನ್ ಓಸ್ಟ್ರಮ್ ಮತ್ತು ಟೋರೆ ಹೆಗ್ಲುಂಡ್ ಅವರಂಥ ಪಿಐಡಿ ವಿದ್ವಾಂಸರು ಹೇಳುತ್ತಾರೆ. ಒಂದೇ ಕಾಲಮಾನದ ಫಿಲ್ಟರ್ ವೇಗದ ಗದ್ದಲಕ್ಕೆ ಮಿತಿ ಹಾಕುತ್ತದೆಯೇ ಹೊರತು ಅಳಿಸುವುದಿಲ್ಲ. ಎರಡನೇ ದರ್ಜೆಯದು ವೇಗ ಹೆಚ್ಚಿದಷ್ಟೂ ಗದ್ದಲವನ್ನು ಇನ್ನಷ್ಟು ತಗ್ಗಿಸುತ್ತಾ ಹೋಗುತ್ತದೆ. ಅದು ಪಿ ಭಾಗವನ್ನೂ ತಡ ಮಾಡುವುದರಿಂದ Kp ಮತ್ತು Td ಅನ್ನು ಫಿಲ್ಟರ್ ಹಾಕಿದ ಮೇಲೆ ಮತ್ತೆ ಗೊತ್ತುಮಾಡಬೇಕು.

ಬಹಳ ಕಾರ್ಖಾನೆಗಳಲ್ಲಿ ಡಿ ಭಾಗವನ್ನು ಸೊನ್ನೆ ಮಾಡಿ ಬಿಟ್ಟಿರುತ್ತಾರೆ. ಪಂಪಿನ ನಂತರದ ಹರಿವಿನಂಥ ಸುತ್ತಿನಲ್ಲಿ ಅದು ಸರಿಯಾದ ನಿರ್ಧಾರವೇ: ಅಲ್ಲಿ ನೀಗಬೇಕಾದ ತಡ ಇಲ್ಲ, ಅಳತೆಯಲ್ಲಿ ಗದ್ದಲ ಬೇಕಾದಷ್ಟಿದೆ. ರಸದ ಹೀಟರ್‌ನಂತೆ ದಪ್ಪ ಥರ್ಮೋವೆಲ್ ಇರುವ ಉಷ್ಣತೆಯ ಸುತ್ತಿನಲ್ಲಿ ಅದೇ ನಿರ್ಧಾರ ನಷ್ಟದ್ದು. ಅಂಥ ಕಡೆ ವಾಲ್ವ್ ಕುಣಿಯಿತೆಂದು ಡಿ ಭಾಗವನ್ನು ಕಿತ್ತುಹಾಕಿದ್ದರೆ, ಹಂಗಾಮು ಶುರುವಾಗುವ ಮೊದಲು ಇನ್‌ಸ್ಟ್ರುಮೆಂಟ್ ವಿಭಾಗದವರು Tf ಎಷ್ಟಿತ್ತು ಎಂದು ಒಮ್ಮೆ ತೆರೆದು ನೋಡಲಿ. ಅಲ್ಲಿ ಸೊನ್ನೆ ಅಥವಾ 0.01 ಇದ್ದರೆ ತಪ್ಪು ಡಿ ಭಾಗದ್ದಲ್ಲ.